ಒಂದೇ ಉತ್ತರಕ್ಕೆ ಪ್ಯಾನೆಲ್‌ನಲ್ಲಿ 2, 4, 5 ಬಿತ್ತು. ಸ್ಕೇಲ್ ತಪ್ಪಾ, ನಾವು ತಪ್ಪಾ?

ಮೂರನೇ_ಕುರ್ಚಿ

ಪ್ರಾಜೆಕ್ಟ್ ಕೋಆರ್ಡಿನೇಟರ್ ಕೆಲಸಕ್ಕೆ ಇಂಟರ್ವ್ಯೂ ಮಾಡ್ತಿದೀವಿ, ಪ್ಯಾನೆಲ್‌ನಲ್ಲಿ ನಾವು ಮೂರು ಜನ. ಈ ಸಲ ಬಾಯಿಮಾತಲ್ಲಿ "ಹುಡುಗಿ ಚೆನ್ನಾಗಿದಾಳೆ, ತಗೊಳ್ಳೋಣ" ಅನ್ನೋದು ಬೇಡ, ಪ್ರತಿ ಕಾಂಪಿಟೆನ್ಸಿಗೂ 1ರಿಂದ 5ರ ಬಾರ್ಸ್ ಶೀಟ್, ಅಂದ್ರೆ ಯಾವ ಅಂಕಿಗೆ ಎಂಥ ನಡವಳಿಕೆ ಅಂತ ಪಕ್ಕದಲ್ಲೇ ಬರೆದಿರೋ ಸ್ಕೇಲ್, ಇಟ್ಕೊಂಡೇ ಅಂಕ ಹಾಕೋಣ ಅಂತ ತೀರ್ಮಾನ ಆಗಿತ್ತು. ಶೀಟ್ ಮಾಡಿದ್ದು ನಾನೇ, ಅದಕ್ಕೇ ಈಗ ಮುಖ ಸಣ್ಣಗಾಗಿದೆ.

ಕಾಂಪಿಟೆನ್ಸಿ: "ಅಡಚಣೆ ಬಂದಾಗ ಹೊಣೆ ಹೊತ್ತು ತಿಳಿಸೋದು". ಪ್ರಶ್ನೆ: "ಹೇಳಿದ ದಿನಕ್ಕೆ ಕೆಲಸ ಮುಗಿಯಲ್ಲ ಅಂತ ನಿಮಗೆ ಗೊತ್ತಾದ ಒಂದು ಸಂದರ್ಭ ಹೇಳಿ, ಆಗ ಏನ್ ಮಾಡಿದ್ರಿ?"

ಶೀಟಲ್ಲಿ ಹೀಗಿತ್ತು:
5: ಅಡಚಣೆಯನ್ನು ಅತ್ಯುತ್ತಮವಾಗಿ, ಸೂಕ್ತ ಸಮಯದಲ್ಲಿ ತಿಳಿಸಿ ಪೂರ್ಣ ಹೊಣೆ ಹೊರುತ್ತಾರೆ
3: ಅಡಚಣೆಯನ್ನು ಸಾಮಾನ್ಯವಾಗಿ ಸಮಯಕ್ಕೆ ತಿಳಿಸುತ್ತಾರೆ, ತಕ್ಕಮಟ್ಟಿಗೆ ಹೊಣೆ ಹೊರುತ್ತಾರೆ
1: ಅಡಚಣೆಯನ್ನು ಸರಿಯಾಗಿ ತಿಳಿಸುವುದಿಲ್ಲ, ಹೊಣೆ ಹೊರುವುದಿಲ್ಲ

ಕ್ಯಾಂಡಿಡೇಟ್ ಹೇಳಿದ್ದು ಚುಟುಕಾಗಿ: ಒಂದು ಕ್ಲೈಂಟ್‌ನ ಹಳೇ ಗ್ರಾಹಕರ ಪಟ್ಟಿನ ಹೊಸ ಸಿಸ್ಟಮ್‌ಗೆ ಸಾಗಿಸೋ ಕೆಲಸ. ಇನ್ನೂ 21 ದಿನ ಇದ್ದಾಗ ಒಬ್ಬರದ್ದೇ ಹೆಸರು ಮೂರು ನಾಲ್ಕು ಸಲ ಇರೋದು ಕಂಡಿದೆ. ತಾವೇ ಸರಿ ಮಾಡ್ಬಹುದು ಅಂತ ಒಬ್ಬ ಸಹೋದ್ಯೋಗಿ ಜೊತೆ 10 ದಿನ ಗುದ್ದಾಡಿದಾರೆ. ಆಗಲ್ಲ ಅಂತ ಗೊತ್ತಾದ್ಮೇಲೆ ಮ್ಯಾನೇಜರ್ ಹತ್ರ ಹೋಗಿ, ಶುದ್ಧ ಆಗಿರೋ ಭಾಗನ ಹೇಳಿದ ದಿನಕ್ಕೇ ಕೊಡೋದು, ಇಲ್ಲಾ ಪೂರ್ತಿ ಎರಡು ವಾರ ತಡವಾಗಿ ಕೊಡೋದು, ಅಂತ ಎರಡು ದಾರಿ ಮುಂದಿಟ್ಟಿದಾರೆ. ಮ್ಯಾನೇಜರ್ ಕ್ಲೈಂಟ್‌ಗೆ ಹೇಳಿದ್ರು, ಕ್ಲೈಂಟ್ ಭಾಗ ಭಾಗವಾಗಿ ತಗೊಂಡ್ರು. ಆಮೇಲಿಂದ ದಿನಾಂಕ ಒಪ್ಪೋಕೆ ಮುಂಚೆ ಡೇಟಾ ಸ್ಯಾಂಪಲ್ ನೋಡೋದನ್ನ ಅಭ್ಯಾಸ ಮಾಡ್ಕೊಂಡಿದೀನಿ ಅಂದ್ರು.

ಇದಕ್ಕೆ ಒಬ್ಬರು 2, ನಾನು 4, ಇನ್ನೊಬ್ಬರು 5. ಒಂದೇ ಕೋಣೇಲಿ ಕೂತು ಒಂದೇ ಉತ್ತರ ಕೇಳಿದ್ದು! ಸ್ಕೇಲ್ ಇದ್ದೂ ಹೀಗಾದ್ರೆ ಸ್ಕೇಲ್ ಯಾಕೆ ಬೇಕಿತ್ತು ಅಂತ ಈಗ ಎಲ್ರೂ ನನ್ನನ್ನೇ ನೋಡ್ತಿದಾರೆ.

ಲೆಕ್ಕದ_ಮೇಷ್ಟ್ರು

ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ, ಮೂರೂ ಕೂಡಿ ಮೂರರಿಂದ ಭಾಗಿಸಿ, 3.67 ಬರತ್ತೆ, ಅದೇ ಸ್ಕೋರ್. ಮೂರು ಜನರನ್ನ ಕೂರಿಸೋದೇ ಒಬ್ಬರ ತಪ್ಪು ಇನ್ನೊಬ್ಬರದ್ದನ್ನ ಸರಿದೂಗಿಸ್ಲಿ ಅಂತ. ಬೇಕಾದ್ರೆ ಸ್ಕೇಲ್‌ನ 10ಕ್ಕೆ ಏರಿಸಿ, 5ರಲ್ಲಿ ಜಾಗ ಸಾಲ್ದೆ ಜನ ಆ ತುದಿ ಈ ತುದಿ ಹೋಗ್ತಾರೆ.

ಸಂಜೆ_ಪಾಳಿ

ನಮ್ಮಲ್ಲೂ ಇದೇ ಗೋಳು. ಹೋದ ವರ್ಷ ನನಗೆ ಮ್ಯಾನೇಜರ್ 3 ಕೊಟ್ರು, ಅದೇ ಕೆಲಸ ಮಾಡಿದ ಪಕ್ಕದ ಟೀಮ್‌ನವನಿಗೆ 4. ಕೇಳಿದ್ರೆ "ಬೆಲ್ ಕರ್ವ್" ಅಂದ್ರು. ಸ್ಕೇಲ್ ಏನೇ ಇರ್ಲಿ ಕೊನೆಗೆ ಮೇಲಿನವರು ಮೊದ್ಲೇ ಯೋಚಿಸಿದ್ದನ್ನೇ ಹಾಕೋದು. ನೀವು ಎಚ್‌ಆರ್‌ಗೆ ಬರೆದು ಹಾಕಿ, ರೇಟಿಂಗ್ ಮತ್ತೆ ನೋಡ್ತಾರೆ.

ಮೂರನೇ_ಕುರ್ಚಿ

ಸರ್ ಇದು ವರ್ಷದ ಅಪ್ರೈಸಲ್ ಅಲ್ಲ, ಇಂಟರ್ವ್ಯೂ ಉತ್ತರಕ್ಕೆ ಅಂಕ ಹಾಕೋದು. ಆದ್ರೆ ನಿಮ್ಮ ಸಂಕಟ ಅರ್ಥ ಆಗತ್ತೆ.

ಹಳೇ_ಅಳತೆಗೋಲು

ಸಂಜೆ ಪಾಳಿಯವರು ತೀರಾ ದಾರಿ ತಪ್ಪಿ ಬಂದಿಲ್ಲ, ಈ ಸ್ಕೇಲ್ ಹುಟ್ಟಿದ್ದೇ ಅಪ್ರೈಸಲ್‌ಗೆ. 1963ರಲ್ಲಿ ಸ್ಮಿತ್, ಕೆಂಡಾಲ್ ಅಂತ ಇಬ್ಬರು ನರ್ಸ್‌ಗಳ ಕೆಲಸ ಅಳೆಯೋಕೆ ಇದನ್ನ ಕಟ್ಟಿದ್ದು, ಇಂಟರ್ವ್ಯೂಗೆ ಬಂದಿದ್ದು ಆಮೇಲೆ. ಅದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಅವರ ಕೆಲಸದ ಜೀವಾಳ ಅಂಕಿ ಅಲ್ಲ, ಅಂಕಿ ಪಕ್ಕದಲ್ಲಿ ಬರೆದಿರೋ ಮಾತು, ಅದನ್ನೇ ಆಂಕರ್ ಅನ್ನೋದು. ಆ ಮಾತನ್ನ ವಾರ್ಡ್‌ನಲ್ಲಿ ಕೆಲಸ ಗೊತ್ತಿದ್ದವರ ಬಾಯಿಂದಲೇ ತೆಗೆದಿದ್ರು.

ಈಗ ನಿಮ್ಮ ಶೀಟ್ ನೋಡಿ. ಒಂದು ಪೆನ್ ತಗೊಂಡು "ಅತ್ಯುತ್ತಮವಾಗಿ", "ಸೂಕ್ತ", "ಪೂರ್ಣ", "ಸಾಮಾನ್ಯವಾಗಿ", "ತಕ್ಕಮಟ್ಟಿಗೆ", "ಸರಿಯಾಗಿ" ಇಷ್ಟನ್ನ ಹೊಡೆದು ಹಾಕಿ. ಏನ್ ಉಳೀತು? 5ರಲ್ಲೂ 3ರಲ್ಲೂ "ಅಡಚಣೆ ತಿಳಿಸುತ್ತಾರೆ, ಹೊಣೆ ಹೊರುತ್ತಾರೆ", 1ರಲ್ಲಿ ಅದಕ್ಕೇ ಒಂದು "ಇಲ್ಲ". ಅಂದ್ರೆ ಸ್ಕೇಲ್ ಏನೂ ಹೇಳ್ತಿಲ್ಲ, 5 ಅಂದ್ರೆ ಒಳ್ಳೇದು 1 ಅಂದ್ರೆ ಕೆಟ್ಟದ್ದು ಅಂತ ಮಾತ್ರ ಹೇಳ್ತಿದೆ, ಅದು ಅಂಕಿ ನೋಡಿದ್ರೇ ಗೊತ್ತಾಗತ್ತೆ. "ಸೂಕ್ತ ಸಮಯ" ಯಾವುದು ಅನ್ನೋದನ್ನ ನಿಮ್ಮ ಮೂರೂ ಜನ ತಮ್ಮ ತಮ್ಮ ತಲೆಯಿಂದ ತುಂಬಿದೀರಿ.

ಒಂದು ಕೆಲಸ ಮಾಡಿ, ಮೂರೂ ಜನರ ನೋಟ್ಸ್ ಪಕ್ಕ ಪಕ್ಕ ಇಟ್ಟು ಇಲ್ಲಿ ಹಾಕಿ. ಯಾರು ಯಾವುದನ್ನ ನೋಡಿ ಅಂಕ ಹಾಕಿದ್ರು ಅಂತ ಅಲ್ಲೇ ಕಾಣತ್ತೆ.

ಮೂರನೇ_ಕುರ್ಚಿ

ಹೊಡೆದು ನೋಡಿದೆ. ನಾಚಿಕೆ ಆಯ್ತು 🙈

ನೋಟ್ಸ್: 2 ಹಾಕಿದವರು "10 ದಿನ ಬಚ್ಚಿಟ್ಟರು" ಅಂತ ಬರೆದು ಕೆಳಗೆ ಗೆರೆ ಎಳೆದಿದಾರೆ, ಅದೊಂದೇ. 5 ಹಾಕಿದವರು "ಕ್ಲೈಂಟ್ ಒಪ್ಪಿದರು, ಪಾಠ ಕಲಿತಿದಾರೆ" ಅಂತ. ನಂದು "ಸ್ಪಷ್ಟ, ಕ್ರಮಬದ್ಧ, ಪ್ರಾಮಾಣಿಕ".

ಹಳೇ_ಅಳತೆಗೋಲು

ನೋಡಿ, ಉತ್ತರ ಅಲ್ಲೇ ಇದೆ. ಮೊದಲನೆಯವರು ಎಷ್ಟು ಬೇಗ ಹೇಳಿದ್ರು ಅನ್ನೋದನ್ನ ಅಳೆದ್ರು. ಎರಡನೆಯವರು ಕೊನೆಗೆ ಏನಾಯ್ತು ಅನ್ನೋದನ್ನ. ನೀವು (ಬೇಜಾರು ಮಾಡ್ಕೋಬೇಡಿ) ಕಥೆ ಹೇಳಿದ ರೀತಿನ. ಮೂರು ಬೇರೆ ಬೇರೆ ವಸ್ತುಗಳನ್ನ ಅಳೆದು ಒಂದೇ ಕಾಲಮ್‌ನಲ್ಲಿ ಬರೆದಿದೀರಿ.

ಮೇಷ್ಟ್ರು ಹೇಳಿದ ಸರಾಸರಿ ಇಲ್ಲೇ ಎಡವೋದು. ಒಂದು ಹಲಗೆನ ಮೂರು ಜನ ಅಳೆದು 98, 100, 103 ಅಂದ್ರೆ ಸರಾಸರಿ ತಗೊಳ್ಳಿ, ಕೈತಪ್ಪು ಒಂದನ್ನೊಂದು ಕಳೆಯತ್ತೆ. ಒಬ್ಬ ಉದ್ದ, ಒಬ್ಬ ಅಗಲ, ಒಬ್ಬ ತೂಕ ಅಳೆದಿದ್ರೆ ಆ ಮೂರರ ಸರಾಸರಿ ಯಾವುದಕ್ಕೂ ಸೇರಿದ್ದಲ್ಲ. 10ರ ಸ್ಕೇಲ್ ಮಾಡಿದ್ರೂ ಅಷ್ಟೇ, 2, 4, 5 ಇದ್ದಿದ್ದು 4, 8, 10 ಆಗತ್ತೆ, ಮೇಲಾಗಿ 6ಕ್ಕೂ 7ಕ್ಕೂ ಏನು ವ್ಯತ್ಯಾಸ ಅಂತ ಬರೆಯೋಕೆ ಯಾರಿಗೂ ಆಗಲ್ಲ. 5 ಅಥವಾ 7ರ ಮೇಲೆ ಹೋದ ಸ್ಕೇಲ್‌ನಲ್ಲಿ ಮಧ್ಯದ ಮೆಟ್ಟಿಲುಗಳು ಬರೀ ಅಲಂಕಾರ ಅನ್ನೋದು ನನ್ನ ಅನುಭವ.

ಲೆಕ್ಕದ_ಮೇಷ್ಟ್ರು

10ರದ್ದು ವಾಪಸ್ ತಗೊಂಡೆ. ಸರಾಸರಿದು ತಗೊಳ್ಳಲ್ಲ, ಸ್ಕೇಲ್ ಸರಿ ಇದ್ರೆ ಸರಾಸರಿನೇ ಸರಿ, ಕೂತು "ಒಮ್ಮತ" ಮಾಡೋದಕ್ಕಿಂತ. ಒಮ್ಮತ ಅಂದ್ರೆ ದೊಡ್ಡ ಕುರ್ಚಿಯವರ ಅಂಕಕ್ಕೆ ಉಳಿದವರು ತಲೆ ಹಾಕೋದು, ನಾನು ನೋಡಿದೀನಿ.

ಹಳೇ_ಅಳತೆಗೋಲು

ಅದರಲ್ಲಿ ಮುಕ್ಕಾಲು ಪಾಲು ಒಪ್ತೀನಿ. ಮಾತಾಡೋಕೆ ಮುಂಚೆ ಮೂರೂ ಜನ ತಮ್ಮ ಅಂಕನ ಬರೆದು ಮುಗಿಸಿರ್ಬೇಕು, ಅದೂ ಉತ್ತರ ಮುಗಿದ ತಕ್ಷಣ, ಇಂಟರ್ವ್ಯೂ ಕೊನೇಲಿ ಅಲ್ಲ. ಕೊನೇಲಿ ಒಟ್ಟಿಗೆ ಹಾಕಿದ್ರೆ ಕ್ಯಾಂಡಿಡೇಟ್ ಮೇಲಿನ ಒಟ್ಟು ಅಭಿಪ್ರಾಯನೇ ಐದು ಕಾಲಮ್‌ಗೂ ಹರಿದು ಹೋಗತ್ತೆ. ಎಲ್ಲಾ ಕಾಲಮ್‌ನಲ್ಲೂ 4, 4, 4, 4, 4 ಕಂಡ್ರೆ ಅದು ಐದು ಅಳತೆ ಅಲ್ಲ, ಒಂದೇ ಅಳತೆನ ಐದು ಸಲ ಬರೆದಿದ್ದು.

ಒಂದು ಅಂಕದ ಅಂತರ ಇದ್ರೆ ನಾನು ಮಾತೇ ಆಡ್ಸಲ್ಲ, ಸರಾಸರಿ. ಎರಡು ಅಥವಾ ಜಾಸ್ತಿ ಇದ್ರೆ ಮಾತು. ಆದ್ರೆ ಮಾತು "ನೀನ್ಯಾಕೆ 2 ಹಾಕ್ದೆ" ಅಂತ ಅಲ್ಲ, "ಕ್ಯಾಂಡಿಡೇಟ್ ಹೇಳಿದ ಯಾವ ವಾಕ್ಯನ ಯಾವ ಆಂಕರ್‌ಗೆ ಹೊಂದಿಸ್ದೆ" ಅಂತ. ಆಗ ಎಷ್ಟೋ ಸಲ ಒಬ್ಬರು "ಅಯ್ಯೋ ಅದು ನಾನು ಕೇಳಿಸ್ಕೊಂಡೇ ಇಲ್ಲ" ಅಂತಾರೆ, ಅಲ್ಲಿಗೆ ಮುಗೀತು. ಕಿರಿಯರು ಮೊದಲು ಓದಲಿ, ದೊಡ್ಡ ಕುರ್ಚಿ ಕೊನೆಗೆ.

ಆರು_ಸಲ_ರಿಜೆಕ್ಟ್

ಮೇಜಿನ ಈಚೆ ಕಡೆಯಿಂದ ಒಂದು ಮಾತು ಹೇಳ್ಲಾ? ನಾನು ಆರು ಕಡೆ ಹೋಗಿ ಬಂದೋನು, ಆರರಲ್ಲೂ "ಒಂದು ಸಂದರ್ಭ ಹೇಳಿ" ಅಂತ ಕೇಳಿದ್ರು. ನಾನು ಮಾತಲ್ಲಿ ಹಿಂದೆ, ಕೆಲಸದಲ್ಲಿ ಅಲ್ಲ. ಆದ ಘಟನೆನೇ ಹೇಳ್ತೀನಿ ಆದ್ರೆ ಮಧ್ಯದಿಂದ ಶುರು ಮಾಡಿ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು, ಅಷ್ಟೊತ್ತಿಗೆ ಅವರ ಮುಖ ಬೇರೆ ಕಡೆ ತಿರುಗಿರತ್ತೆ. ನನ್ನ ಗೆಳೆಯ ಒಬ್ಬ ನಮ್ಮಿಬ್ಬರ ಪ್ರಾಜೆಕ್ಟ್‌ನ ಕಥೆನೇ ಚೆಂದವಾಗಿ ಜೋಡಿಸಿ ಹೇಳಿ ಕೆಲಸ ತಗೊಂಡ, ಅದರಲ್ಲಿ ಅರ್ಧ ಕೆಲಸ ನಂದು. ನಿಮ್ಮ ಸ್ಕೇಲ್ ಕಥೆಗಾರರನ್ನ ಆರಿಸ್ತಿದೆಯಾ ಕೆಲಸಗಾರರನ್ನಾ?

ಮೂರನೇ_ಕುರ್ಚಿ

ನಂದೇ "ಸ್ಪಷ್ಟ, ಕ್ರಮಬದ್ಧ" ನೋಡಿದ್ಮೇಲೆ ಈ ಪ್ರಶ್ನೆ ಚುಚ್ತಾ ಇದೆ.

ಹಳೇ_ಅಳತೆಗೋಲು

ಚುಚ್ಚಬೇಕು. ಆಂಕರ್‌ನಲ್ಲಿ ಮಾಡಿದ ಕೆಲಸ ಬರೆದಿದ್ರೆ ಅಂಕ ಹಾಕೋರು ಕೆಲಸನ ಹುಡುಕ್ತಾರೆ, ಬರೆದಿಲ್ಲ ಅಂದ್ರೆ ಕಿವಿಗೆ ಹಿತವಾಗಿದ್ದಕ್ಕೆ ಅಂಕ ಹಾಕ್ತಾರೆ. ಆರು ಸಲ ಅವರಂಥವರಿಗೆ ಎರಡನೇ ರಕ್ಷಣೆ ಫಾಲೋಅಪ್ ಪ್ರಶ್ನೆ. "ನಾವು ಮಾಡಿದ್ವಿ" ಅಂದಾಗ "ಅದರಲ್ಲಿ ನೀವೇ ಮಾಡಿದ್ದು ಯಾವುದು?" ಅಂತ ಕೇಳ್ಬೇಕು, ನಿಮ್ಮ ಗೆಳೆಯನ ಪ್ಯಾನೆಲ್ ಅದನ್ನ ಕೇಳಿದಂಗಿಲ್ಲ.

ಸರಿ, ಈಗ ಆಂಕರ್ ಬರೆಯೋದು ಹೇಗೆ ಅನ್ನೋದಕ್ಕೆ ಬರೋಣ, ಸ್ವಲ್ಪ ಉದ್ದ ಆಗತ್ತೆ.

ಒಬ್ಬರೇ ಕೂತು ಬರೀಬೇಡಿ. ಆ ಕೆಲಸ ಮಾಡ್ತಿರೋರು, ಮಾಡಿಸ್ತಿರೋರು ಒಂದು ಎಂಟು ಹತ್ತು ಜನರನ್ನ ಹಿಡೀರಿ. "ಒಳ್ಳೇ ಕೋಆರ್ಡಿನೇಟರ್‌ಗೆ ಯಾವ ಗುಣ ಬೇಕು" ಅಂತ ಕೇಳಿದ್ರೆ ಮತ್ತೆ ವಿಶೇಷಣನೇ ಸಿಗೋದು. ಹೀಗೆ ಕೇಳಿ: "ತಡ ಆಗತ್ತೆ ಅಂತ ಗೊತ್ತಾದಾಗ ಯಾರಾದ್ರೂ ಮಾಡಿದ್ದು ನೋಡಿ, ಇಂಥವರು ಬೇಕಪ್ಪಾ ಅನ್ನಿಸಿದ್ದು ಒಂದು ಹೇಳಿ. ಇಂಥವರು ಬೇಡಪ್ಪಾ ಅನ್ನಿಸಿದ್ದು ಒಂದು. ನಡೆಯತ್ತೆ, ಪರವಾಗಿಲ್ಲ ಅನ್ನಿಸಿದ್ದು ಒಂದು." ಮೂರನೇದು ಕೇಳೋಕೆ ಮರೀಬೇಡಿ, ಜನರಿಗೆ ತುದಿಗಳು ನೆನಪಿರತ್ತೆ, ನಡುವಿನದ್ದು ನೆನಪಿರಲ್ಲ, ಆಮೇಲೆ 3ಕ್ಕೆ ಆಂಕರ್ ಇಲ್ಲದೆ ಒದ್ದಾಡ್ತೀರಿ. ಮೂವತ್ತು ನಲವತ್ತು ಘಟನೆ ಸಿಕ್ರೆ ಒಂದೊಂದನ್ನ ಒಂದೊಂದು ಚೀಟೀಲಿ ಒಂದೇ ವಾಕ್ಯ ಬರೀರಿ.

ಆಮೇಲೆ ಆ ಚೀಟಿಗಳನ್ನ *ಬೇರೆ* ಒಂದು ಗುಂಪಿಗೆ ಕೊಡಿ, ಯಾವ ಕಾಂಪಿಟೆನ್ಸಿಗೆ ಬರೆದಿದ್ದು, ಒಳ್ಳೇದಾ ಕೆಟ್ಟದ್ದಾ ಅಂತ ಹೇಳ್ದೆ. ಅವರು ಎರಡು ಕೆಲಸ ಮಾಡ್ಬೇಕು, ಇದು ಯಾವ ಕಾಂಪಿಟೆನ್ಸಿಗೆ ಸೇರತ್ತೆ ಅಂತ ವಿಂಗಡಿಸೋದು, 1ರಿಂದ 5ರಲ್ಲಿ ಎಲ್ಲಿ ಕೂರತ್ತೆ ಅಂತ ಅಂಕ ಹಾಕೋದು. ಹತ್ತರಲ್ಲಿ ಏಳೆಂಟು ಜನ ಒಂದೇ ಕಡೆ ಹಾಕಿದ್ರೆ, ಅಂಕನೂ ಒಂದರ ಪಕ್ಕ ಒಂದು ಬಿದ್ರೆ ಚೀಟಿ ಉಳೀತು. ಚೆಲ್ಲಾಪಿಲ್ಲಿ ಆದ್ರೆ ಚೀಟಿ ಎಷ್ಟೇ ಚೆಂದ ಇದ್ರೂ ಬಿಸಾಕಿ. ಸ್ಮಿತ್, ಕೆಂಡಾಲ್ ಮಾಡಿದ ನಿಜವಾದ ಹೊಸ ಕೆಲಸ ಇದೇ, ಹೆಚ್ಚಿನವರು ಬಿಟ್ಟು ಬಿಡೋ ಮೆಟ್ಟಿಲೂ ಇದೇ.

ಟೀಮ್_ಲೀಡಮ್ಮ

ನಾವು ಈ ಚೀಟಿ ಆಟ ಆಡಿದೀವಿ, ಒಂದು ಮಜಾ ಹೇಳ್ತೀನಿ. ಒಬ್ಬರು ಬರೆದಿದ್ರು, "ತಡ ಆಗತ್ತೆ ಅಂತ ಗೊತ್ತಾದಾಗ ಯಾರಿಗೂ ಹೇಳ್ದೆ ಎರಡು ರಾತ್ರಿ ಕೂತು ಮುಗಿಸಿದ." ಬರೆದವರ ಪ್ರಕಾರ ಅದು 5. ಇನ್ನೊಂದು ಗುಂಪಿಗೆ ಕೊಟ್ರೆ ಮೂರು ಜನ 5 ಹಾಕಿದ್ರು, ನಾಲ್ಕು ಜನ 1 ಅಥವಾ 2, ಒಬ್ಬರು ಇದು ಈ ಕಾಂಪಿಟೆನ್ಸಿನೇ ಅಲ್ಲ "ಛಲ" ಅಂತ ಬೇರೆ ಕಡೆ ಎಸೆದ್ರು. ಆಗ ನಮಗೆ ಗೊತ್ತಾಗಿದ್ದು, ಹೊಣೆ ಅಂದ್ರೆ ಮುಗಿಸೋದಾ ತಿಳಿಸೋದಾ ಅಂತ ನಮ್ಮಲ್ಲೇ ತೀರ್ಮಾನ ಆಗಿಲ್ಲ. ಇಂಟರ್ವ್ಯೂಗೆ ಮುಂಚೆನೇ ಆ ಜಗಳ ಆಗಿದ್ದು ಒಳ್ಳೇದಾಯ್ತು.

ಆದ್ರೂ ಹೇಳ್ಬಿಡ್ತೀನಿ, ನಮಗೆ ಐದು ಕಾಂಪಿಟೆನ್ಸಿಗೆ ಮೂರು ವಾರ ಹಿಡೀತು. ವರ್ಷಕ್ಕೆ ಎರಡೇ ಜನ ತಗೊಳ್ಳೋರಿಗೆ ಇದು ಲಾಭ ಇಲ್ಲ.

ಮೂರನೇ_ಕುರ್ಚಿ

ಟೀಮ್ ಲೀಡಮ್ಮ, ಆ ಮಾತು ನಮಗೂ ತಾಗತ್ತೆ, ನಾವೂ ಹೊಣೆ ಅನ್ನೋ ಒಂದೇ ಹೆಸರಲ್ಲಿ ಎರಡು ಮೂಟೆ ಕಟ್ಟಿದೀವಿ.

ಅಳತೆಗೋಲು ಸರ್, ನಮಗೆ ಅಷ್ಟು ಜನ ಇಲ್ಲ, ಆದ್ರೂ ನಿನ್ನೆ ಈ ಕೆಲಸ ಮಾಡ್ತಿರೋ ನಾಲ್ಕು ಜನರನ್ನ ಕೂರಿಸಿ ಘಟನೆ ಕೇಳ್ದೆ, ಬೇರೆ ಮೂರು ಜನರ ಹತ್ರ ಅಂಕ ಹಾಕಿಸ್ದೆ. ಬಂದಿದ್ದು ಹೀಗಿದೆ, ಬೈಬೇಡಿ:

5: ಲಕ್ಷಣ ಕಂಡ ಕೂಡಲೇ, ಕಾಯುತ್ತಿರುವವರು ತಮ್ಮ ಪ್ಲಾನ್ ಬದಲಿಸಲು ಇನ್ನೂ ಸಮಯ ಇರುವಾಗಲೇ, ತಾವಾಗಿ ಹೇಳಿದರು. ಆ ದಿನಕ್ಕೆ ಯಾವುದು ಆಗುತ್ತೆ ಯಾವುದು ಆಗಲ್ಲ ಅಂತ ಬಿಡಿಸಿ ಹೇಳಿ ತೀರ್ಮಾನ ಕೇಳಿದರು. ಕ್ಲೈಂಟ್ ಸಂತೋಷಪಟ್ಟರು.
3: ದಿನಾಂಕಕ್ಕೆ ಮುಂಚೆ ತಾವಾಗಿ ಹೇಳಿದರು, ಆದರೆ ಸಮಸ್ಯೆ ಮಾತ್ರ ಹೇಳಿದರು, ದಾರಿ ಇರಲಿಲ್ಲ.
1: ಯಾರೋ ಕೇಳಿದ ಮೇಲೆ ಅಥವಾ ದಿನಾಂಕ ದಾಟಿದ ಮೇಲೆ ಹೇಳಿದರು. ಬೇರೆಯವರಿಂದ ತಡ ಆಯಿತು ಅಂದರು.

ಹಳೇ_ಅಳತೆಗೋಲು

ಬೈಯೋದೇನು, ವಿಶೇಷಣ ಹೊಡೆದು ಹಾಕೋಕೆ ಹೋದ್ರೆ ಸಿಗ್ತಾನೇ ಇಲ್ಲ, ಅರ್ಧ ಯುದ್ಧ ಗೆದ್ರಿ. ಎರಡು ಕಡೆ ತಿದ್ದಿ.

"ಕ್ಲೈಂಟ್ ಸಂತೋಷಪಟ್ಟರು" ತೆಗೀರಿ. ಅದು ಕ್ಲೈಂಟ್ ಮಾಡಿದ್ದು, ಕ್ಯಾಂಡಿಡೇಟ್ ಮಾಡಿದ್ದಲ್ಲ. ಎಲ್ಲಾ ಸರಿಯಾಗಿ ಮಾಡಿದವರಿಗೂ ಸಿಡುಕು ಕ್ಲೈಂಟ್ ಸಿಗ್ತಾರೆ, ಏನೂ ಮಾಡದವರಿಗೂ ತಾಳ್ಮೆ ಇರೋರು ಸಿಗ್ತಾರೆ. 5 ಹಾಕಿದ ನಿಮ್ಮ ಸಹೋದ್ಯೋಗಿ ಬಿದ್ದಿದ್ದು ಇದೇ ಗುಂಡಿಗೆ, ಅದನ್ನೇ ಈಗ ಸ್ಕೇಲ್ ಒಳಗೆ ತೋಡ್ತಿದೀರಿ.

ಎರಡನೇದು ಸೂಕ್ಷ್ಮ. 5ರಲ್ಲಿ ಎರಡು ವಿಷಯ ಒಟ್ಟಿಗೆ ಇದೆ, ಯಾವಾಗ ಹೇಳಿದ್ರು, ದಾರಿ ಸಮೇತ ಹೇಳಿದ್ರಾ. ಬೇಗ ಹೇಳಿ ದಾರಿ ಹೇಳದವರು ಎಲ್ಲಿ ಕೂರ್ತಾರೆ? ತಡವಾಗಿ ಹೇಳಿ ಒಳ್ಳೇ ದಾರಿ ತಂದವರು ಎಲ್ಲಿ? ನಿಮ್ಮ ಕ್ಯಾಂಡಿಡೇಟ್ ಎರಡನೇ ತರದವರು, ಹಾಗಾಗಿ ಇದನ್ನ ತೀರ್ಮಾನ ಮಾಡ್ದೆ ಬಿಟ್ರೆ ಹೊಸ ಶೀಟ್‌ನಲ್ಲೂ ಮತ್ತೆ 2, 4, 5 ಬರತ್ತೆ. ಬೇಕಾದ್ರೆ ಎರಡು ಸ್ಕೇಲ್ ಮಾಡಿ, ಇಲ್ಲಾಂದ್ರೆ ಯಾವುದು ಬೆನ್ನೆಲುಬು ಅಂತ ಮೊದ್ಲೇ ಬರೆದಿಡಿ. ನಾನಾಗಿದ್ರೆ ಸಮಯನ ಬೆನ್ನೆಲುಬು ಮಾಡ್ತಿದ್ದೆ: ಕಾಯ್ತಿರೋರಿಗೆ ಪ್ಲಾನ್ ಬದಲಿಸೋಕೆ ಸಮಯ ಉಳಿದಿತ್ತಾ ಇಲ್ವಾ. ಉಳಿದಿತ್ತು, ದಾರಿನೂ ಇತ್ತು ಅಂದ್ರೆ 4 ಅಥವಾ 5, ಉಳಿದಿತ್ತು ದಾರಿ ಇಲ್ಲ ಅಂದ್ರೆ 3, ಉಳಿದಿರಲಿಲ್ಲ ಅಂದ್ರೆ ದಾರಿ ಎಷ್ಟೇ ಚೆನ್ನಾಗಿದ್ರೂ 2ರ ಮೇಲೆ ಇಲ್ಲ.

ಮೂರನೇ_ಕುರ್ಚಿ

ಹಾಗಾದ್ರೆ ನಮ್ಮ ಕ್ಯಾಂಡಿಡೇಟ್ ಎಲ್ಲಿ ಕೂರ್ತಾರೆ? 21 ದಿನದಲ್ಲಿ 10 ಹೋಗಿ 11 ದಿನ ಇದ್ದಾಗ ಹೇಳಿದ್ರು. ಕ್ಲೈಂಟ್‌ಗೆ 11 ದಿನ ಸಾಕಿತ್ತಾ?

ಹಳೇ_ಅಳತೆಗೋಲು

ಅದನ್ನ ನನ್ನ ಕೇಳ್ತೀರಲ್ಲಾ, ಅವರನ್ನ ಕೇಳಿದ್ರಾ?

ಮೂರನೇ_ಕುರ್ಚಿ

...ಇಲ್ಲ. ಮೂರೂ ಜನ ಕೇಳಿಲ್ಲ.

ಹಳೇ_ಅಳತೆಗೋಲು

ಅಲ್ಲಿಗೆ ಬಂತು ವಿಷಯ. ಆ 10 ದಿನ ಬಚ್ಚಿಟ್ಟಿದ್ದಾ, ಪ್ರಯತ್ನ ಮಾಡಿದ್ದಾ ಅನ್ನೋದು "ಮೊದಲ ದಿನ ಕಂಡಾಗ ಅದು ಎಷ್ಟು ದೊಡ್ಡದು ಅಂತ ಗೊತ್ತಿತ್ತಾ?", "ಆ ಹತ್ತು ದಿನದಲ್ಲಿ ಯಾರಿಗಾದ್ರೂ ಸುಳಿವು ಕೊಟ್ಟಿದ್ರಾ?", "ಕ್ಲೈಂಟ್ ಆ ದಿನಾಂಕನ ನಂಬ್ಕೊಂಡು ಏನು ಪ್ಲಾನ್ ಮಾಡಿದ್ರು?" ಅಂತ ಮೂರು ಪ್ರಶ್ನೆ ಕೇಳಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. ಆಂಕರ್ ಬರೀ ಅಂಕ ಹಾಕೋಕೆ ಅಂದ್ಕೊಂಡಿರ್ತಾರೆ, ಏನನ್ನ ಕೇಳದೆ ಏಳಬಾರದು ಅಂತ ಹೇಳೋದೂ ಅದೇ. ಸ್ಕೇಲ್‌ನಲ್ಲಿ ಸಮಯ ಇದೆ ಅಂದ್ರೆ ಸಮಯದ ಬಗ್ಗೆ ಫಾಲೋಅಪ್ ಶೀಟ್‌ನಲ್ಲೇ ಅಚ್ಚಾಗಿರ್ಬೇಕು, ಎಲ್ಲರಿಗೂ ಅದೇ ಪ್ರಶ್ನೆ. ಒಬ್ಬರಿಗೆ ಕೆದಕಿ ಇನ್ನೊಬ್ಬರಿಗೆ ಬಿಟ್ರೆ ಕೆದಕಿಸಿಕೊಂಡವರಿಗೆ ಲಾಭ.

ಇದ್ದ ಸಾಕ್ಷಿ ಮೇಲೆ ಕೇಳಿದ್ರೆ ನಾನು 3 ಹಾಕ್ತೀನಿ. ತಾವಾಗಿ ಹೇಳಿದಾರೆ, ದಿನಾಂಕಕ್ಕೆ ಮುಂಚೆ ಹೇಳಿದಾರೆ, ದಾರಿನೂ ತಂದಿದಾರೆ, ಆದ್ರೆ ಸಮಯ ಉಳಿದಿತ್ತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಕ್ಲೈಂಟ್ ಭಾಗ ಭಾಗವಾಗಿ ತಗೊಂಡ್ರು ಅನ್ನೋದೊಂದೇ. 4 ಹಾಕಿದವರ ಜೊತೆ ಜಗಳಕ್ಕೆ ಹೋಗಲ್ಲ. 2 ಮತ್ತು 5 ಹಾಕಿದವರಿಗೆ ಮಾತ್ರ ವಾಕ್ಯ ತೋರಿಸಿ ಅಂತೀನಿ.

ಟೀಮ್_ಲೀಡಮ್ಮ

ನಾನು 4 ಹಾಕೋಳು, ಜಗಳಕ್ಕೂ ಬರ್ತೀನಿ 😄 ಇಂಥ ಡೇಟಾ ಕೆಲಸದಲ್ಲಿ ಕಂಡ ದಿನನೇ ಓಡಿ ಹೋಗಿ ಹೇಳಿದ್ರೆ ಮ್ಯಾನೇಜರ್ "ಎಷ್ಟು ದಾಖಲೆ, ಎಷ್ಟು ದಿನ" ಅಂತಾರೆ, ಉತ್ತರ ಇರಲ್ಲ. ಎರಡು ಮೂರು ದಿನ ಅಳೆದು ನೋಡಿ ಹೋಗೋದೇ ಸರಿ. ಹತ್ತು ಜಾಸ್ತಿ ಆಯ್ತು ಅಂತ ಒಪ್ತೀನಿ. "ಲಕ್ಷಣ ಕಂಡ ಕೂಡಲೇ" ಅನ್ನೋ ನಿಮ್ಮ ಆಂಕರ್ ಗಾಬರಿ ಬೀಳೋರಿಗೆ 5 ಕೊಡತ್ತೆ.

ಹಳೇ_ಅಳತೆಗೋಲು

ಇದು ಒಳ್ಳೇ ತಿದ್ದುಪಡಿ, ಕೆಲಸ ಮಾಡಿದವರಿಗೆ ಮಾತ್ರ ಹೊಳೆಯೋದು. "ಕಂಡ ಕೂಡಲೇ" ತೆಗೆದು "ಎಷ್ಟು ದೊಡ್ಡದು ಅಂತ ಅಂದಾಜು ಸಿಕ್ಕ ಕೂಡಲೇ" ಅಂತ ಮಾಡಿ.

ಹೊಸಬರ_ಬಾಗಿಲು

ನಾವು ಕಾಲೇಜ್ ಮುಗಿಸಿದವರನ್ನ ಮಾತ್ರ ತಗೊಳ್ಳೋದು. ಅವರ ಹತ್ರ ಇಂಥ ಕಥೆನೇ ಇರಲ್ಲ, "ಸಂದರ್ಭ ಬಂದಿಲ್ಲ ಮೇಡಂ" ಅಂತಾರೆ. ನಮ್ಮ ಪ್ಯಾನೆಲ್‌ನಲ್ಲಿ ಅಂಥವರಿಗೆ 1 ಹಾಕೋ ಅಭ್ಯಾಸ. ಸರಿನಾ?

ಹಳೇ_ಅಳತೆಗೋಲು

ಸರಿ ಅಲ್ಲ. 1 ಅಂದ್ರೆ ಕೆಟ್ಟದಾಗಿ ಮಾಡಿದ್ದಕ್ಕೆ ಸಾಕ್ಷಿ ಇದೆ ಅಂತ. ಇವರ ಹತ್ರ ಸಾಕ್ಷಿನೇ ಇಲ್ಲ. ಎರಡೂ ಒಂದೇ ಅಂಕಿ ಆದ್ರೆ ದಿನಾಂಕ ದಾಟಿದ್ಮೇಲೆ ಸುಳ್ಳು ಹೇಳಿದವನೂ ಅವಕಾಶ ಸಿಗದವನೂ ಒಂದೇ ಸಾಲಲ್ಲಿ ನಿಲ್ತಾರೆ. ನಿಮ್ಮಂಥವರಿಗೆ "ಹೀಗೆ ಆದ್ರೆ ಏನ್ ಮಾಡ್ತೀರಿ" ಅನ್ನೋ ಸನ್ನಿವೇಶದ ಪ್ರಶ್ನೆ ಸರಿ, 1980ರಲ್ಲಿ ಲೇಥಮ್ ಮತ್ತು ಜೊತೆಗಾರರು ಅದಕ್ಕೇ ಒಂದು ಪದ್ಧತಿ ಕಟ್ಟಿ ಆಂಕರ್ ಸಮೇತ ತೋರಿಸಿದ್ರು. ಆದ್ರೆ ಸನ್ನಿವೇಶದಲ್ಲಿ ಒಂದು ಇಕ್ಕಟ್ಟು ಇರ್ಬೇಕು. ಬರೀ "ತಡ ಆದ್ರೆ ಏನ್ ಮಾಡ್ತೀರಿ" ಅಂದ್ರೆ ಎಲ್ರೂ "ಕೂಡಲೇ ತಿಳಿಸ್ತೀನಿ" ಅಂತಾರೆ, ಎಲ್ರಿಗೂ 5. "ಮ್ಯಾನೇಜರ್ ರಜೆಲಿದಾರೆ, ತಪ್ಪು ಆಗಿರೋದು ನಿಮ್ಮ ಗೆಳೆಯನಿಂದ, ಅವನು ಎರಡು ದಿನ ಕೊಡು ಸರಿ ಮಾಡ್ತೀನಿ ಅಂತಿದಾನೆ, ಕ್ಲೈಂಟ್ ನಾಳೆ ಫೋನ್ ಮಾಡ್ತಾರೆ" ಅಂತ ಹೇಳಿ ನೋಡಿ, ಆಗ ಉತ್ತರಗಳು ಬೇರೆ ಬೇರೆ ಆಗತ್ತೆ.

ಆಂಕರ್‌ನೂ ಬೇರೆ ಬರೀಬೇಕು. ನಡೆದ ಘಟನೆಯ ಆಂಕರ್‌ನ ಹಂಗೇ ಎತ್ತಿ ಇಲ್ಲಿಗೆ ಹಾಕ್ಬೇಡಿ.

ಹೊಸಬರ_ಬಾಗಿಲು

ಹಾಗಾದ್ರೆ ಅನುಭವ ಇರೋರು "ಸಂದರ್ಭ ಬಂದಿಲ್ಲ" ಅಂದ್ರೆ? ಎಂಟು ವರ್ಷ ಕೆಲಸ ಮಾಡಿ ಒಂದು ಸಲನೂ ತಡ ಆಗಿಲ್ವಂತೆ!

ಹಳೇ_ಅಳತೆಗೋಲು

ಮೊದಲು ಪ್ರಶ್ನೆನ ಇನ್ನೊಂದು ಬಗೇಲಿ ಕೇಳ್ತೀನಿ, ಆಫೀಸ್ ಬಿಟ್ಟು ಬೇರೆ ಕಡೆದು ಹೇಳಿ ಅಂತೀನಿ. ಆಗಲೂ ಇಲ್ಲ ಅಂದ್ರೆ ಖಾಲಿ ಬಿಟ್ಟು ಇನ್ನೊಂದು ಪ್ರಶ್ನೆ ಮೇಲೆ ಆ ಕಾಂಪಿಟೆನ್ಸಿನ ತೂಗ್ತೀನಿ, ಅದಕ್ಕೇ ಕಾಂಪಿಟೆನ್ಸಿಗೆ ಎರಡು ಪ್ರಶ್ನೆ ಇಡೋದು.

ಟೀಮ್_ಲೀಡಮ್ಮ

ನಾನು ಖಾಲಿ ಬಿಡಲ್ಲ, 2 ಹಾಕ್ತೀನಿ. ಎಂಟು ವರ್ಷದಲ್ಲಿ ಒಂದೂ ನೆನಪಾಗಲ್ಲ ಅಂದ್ರೆ ಗಮನಿಸಿಲ್ಲ ಅಂತ ಅರ್ಥ, ಅದೇ ಸಾಕ್ಷಿ.

ಹಳೇ_ಅಳತೆಗೋಲು

ಅದು ನಿಮ್ಮ ಊಹೆ, ಅವರ ನಡವಳಿಕೆ ಅಲ್ಲ.

ಟೀಮ್_ಲೀಡಮ್ಮ

ಊಹೆನೇ. ಹತ್ತಕ್ಕೆ ಎಂಟು ಸಲ ಸರಿ ಬಂದ ಊಹೆ.

ಲೆಕ್ಕದ_ಮೇಷ್ಟ್ರು

ಇದು ಇಲ್ಲಿಗೆ ಮುಗಿಯೋ ಜಗಳ ಅಲ್ಲ. ನನ್ನ ಬೇರೆ ಪ್ರಶ್ನೆ: ಇಷ್ಟೆಲ್ಲಾ ಮಾಡಿದ್ರೆ ಏನಾದ್ರೂ ವ್ಯತ್ಯಾಸ ಆಗತ್ತೆ ಅಂತ ಯಾರಾದ್ರೂ ನೋಡಿದಾರಾ, ಇಲ್ಲ ಇದೂ ಒಂದು ಫ್ಯಾಷನ್ನಾ?

ಹಳೇ_ಅಳತೆಗೋಲು

ನೋಡಿದಾರೆ, ಉತ್ತರ ಎರಡು ಮುಖದ್ದು. ಅಪ್ರೈಸಲ್ ಕಡೆ ಇದರ ಹೆಸರು ಅಷ್ಟು ದೊಡ್ಡದಾಗಿ ಉಳೀಲಿಲ್ಲ. 1980ರಲ್ಲಿ ಲ್ಯಾಂಡಿ, ಫಾರ್ ಅನ್ನೋರು ಅಲ್ಲಿವರೆಗಿನ ಅಧ್ಯಯನ ಎಲ್ಲಾ ನೋಡಿ, ಸ್ಕೇಲ್‌ನ ಆಕಾರ ಬದಲಿಸೋದ್ರಿಂದ ಅಂಥ ಲಾಭ ಕಾಣ್ತಿಲ್ಲ, ಅಂಕ ಹಾಕೋರ ತಲೇಲಿ ಏನು ನಡೆಯತ್ತೆ ಅಂತ ನೋಡೋಣ ಅಂದ್ರು. ಮ್ಯಾನೇಜರ್ ವರ್ಷದ ಕೊನೇಲಿ ನೆನಪಿಂದ ಹಾಕ್ತಾರಲ್ಲ, ಅಲ್ಲಿ ಆಂಕರ್ ಎಷ್ಟು ಚೆನ್ನಾಗಿದ್ರೂ ನೆನಪು ಸರಿಯಾಗಲ್ಲ. ಇಂಟರ್ವ್ಯೂನಲ್ಲಿ ಹಾಗಲ್ಲ, ಉತ್ತರ ಈಗ ತಾನೇ ಕೇಳಿದ್ದು, ನೋಟ್ಸ್ ಕೈಲಿದೆ, ಎಲ್ರಿಗೂ ಒಂದೇ ಪ್ರಶ್ನೆ. ಅದೇ ಪ್ರಶ್ನೆ, ಅದೇ ಕ್ರಮ, ಆಂಕರ್ ಇರೋ ಸ್ಕೇಲ್ ಎಲ್ಲಾ ಸೇರಿದ ಇಂಟರ್ವ್ಯೂ, ಬಾಯಿಗೆ ಬಂದ ಪ್ರಶ್ನೆ ಕೇಳೋ ಇಂಟರ್ವ್ಯೂಗಿಂತ ಮುಂದಿನ ಕೆಲಸನ ಚೆನ್ನಾಗಿ ಊಹಿಸತ್ತೆ ಅನ್ನೋದು ದಶಕಗಳಿಂದ ಗಟ್ಟಿಯಾಗಿ ನಿಂತಿದೆ. ಅದರಲ್ಲಿ ಆಂಕರ್ ಒಂದರದ್ದೇ ಪಾಲು ಎಷ್ಟು ಅಂತ ಬಿಡಿಸೋದು ಕಷ್ಟ.

ಅದಕ್ಕೇ ಶೀಟ್ ಕೊಟ್ಟು ಕೈ ತೊಳ್ಕೊಳ್ಳೋದಲ್ಲ. ಮೊದಲ ಇಂಟರ್ವ್ಯೂಗೆ ಮುಂಚೆ ಪ್ಯಾನೆಲ್‌ನ ಒಂದು ಗಂಟೆ ಕೂರಿಸಿ, ಬರೆದಿಟ್ಟ ನಾಲ್ಕು ಉತ್ತರ ಓದಿಸಿ, ಒಬ್ಬೊಬ್ಬರೇ ಅಂಕ ಹಾಕಿಸಿ, ಯಾವ ವಾಕ್ಯಕ್ಕೆ ಯಾವ ಆಂಕರ್ ಅಂತ ಮಾತಾಡಿಸಿ. ನಿಮ್ಮ 2, 4, 5 ಆ ಕೋಣೇಲಿ ಬಿದ್ದಿದ್ರೆ ಯಾರಿಗೂ ನಷ್ಟ ಇರ್ತಿರಲಿಲ್ಲ.

ಮೂರನೇ_ಕುರ್ಚಿ

ಮೂರೂ ಜನ ಹೊಸ ಶೀಟ್ ಇಟ್ಕೊಂಡು ಆ ಉತ್ತರಕ್ಕೇ ಮತ್ತೆ ಬೇರೆ ಬೇರೆ ಕೂತು ಅಂಕ ಹಾಕಿದ್ವಿ. 3, 3, 4 ಬಂತು 🙂

ಹಳೇ_ಅಳತೆಗೋಲು

ಸಂತೋಷ, ಆದ್ರೆ ಅದನ್ನ ಗೆಲುವು ಅಂತ ಎಣಿಸ್ಬೇಡಿ. ನೀವು ಮೂರೂ ಜನ ಈ ಉತ್ತರದ ಬಗ್ಗೆ ಇಷ್ಟು ದಿನ ಮಾತಾಡಿದೀರಿ, ಹಳೇ ಶೀಟ್ ಇಟ್ಕೊಂಡಿದ್ರೂ ಈಗ ಹತ್ತಿರ ಬರ್ತಿದ್ರಿ. ಯಾರೂ ಚರ್ಚೆ ಮಾಡದ ಉತ್ತರದ ಮೇಲೆ ನೋಡಿ. ಇನ್ನೊಂದು, ಈ ಕೆಲಸಕ್ಕೆ ಇಲ್ಲಿವರೆಗೆ ಎಷ್ಟು ಜನರ ಇಂಟರ್ವ್ಯೂ ಆಗಿದೆ?

ಮೂರನೇ_ಕುರ್ಚಿ

ನಾಲ್ಕು ಆಗಿದೆ, ಇನ್ನು ಮೂರು ಬಾಕಿ.

ಹಳೇ_ಅಳತೆಗೋಲು

ಹಾಗಾದ್ರೆ ಹೊಸ ಶೀಟ್ ಬಾಕಿ ಮೂವರಿಗೆ ಮಾತ್ರ ಹಾಕೋ ಹಾಗಿಲ್ಲ, ಎರಡು ಗೋಲಿನಿಂದ ಅಳೆದು ಒಂದೇ ಪಟ್ಟೀಲಿ ಹೋಲಿಸಿದಂಗೆ. ನಾಲ್ವರದ್ದೂ ನೋಟ್ಸ್ ಇದ್ರೆ ನಾಲ್ವರಿಗೂ ಮತ್ತೆ ಅಂಕ ಹಾಕಿ. ಹಾಕೋವಾಗ ಒಬ್ಬ ಕ್ಯಾಂಡಿಡೇಟ್‌ನ ಪೂರ್ತಿ ಮುಗಿಸಬೇಡಿ, ಒಂದು ಪ್ರಶ್ನೆಗೆ ನಾಲ್ವರ ಉತ್ತರ, ಆಮೇಲೆ ಮುಂದಿನ ಪ್ರಶ್ನೆ.

ಮೂರನೇ_ಕುರ್ಚಿ

ಇಲ್ಲೇ ಸಿಕ್ಕಿ ಬಿದ್ದಿದೀನಿ. ಇಬ್ಬರದ್ದು ನೋಟ್ಸ್ ಚೆನ್ನಾಗಿದೆ. ಇನ್ನಿಬ್ಬರದ್ದರಲ್ಲಿ ಈ ಪ್ರಶ್ನೆ ಎದುರು ಒಂದರಲ್ಲಿ "ಚೆನ್ನಾಗಿ ಹೇಳಿದರು", ಇನ್ನೊಂದರಲ್ಲಿ "ಸುಮಾರು" ಅಂತ ಇದೆ, ಅಷ್ಟೇ. ಅವರು ಏನು ಹೇಳಿದ್ರು ಅಂತ ಮೂವರಿಗೂ ನೆನಪಿಲ್ಲ. ಅವರಿಬ್ಬರಿಗೆ ಫೋನ್ ಮಾಡಿ ಅದೇ ಪ್ರಶ್ನೆ ಮತ್ತೆ ಕೇಳ್ಲಾ?

ಲೆಕ್ಕದ_ಮೇಷ್ಟ್ರು

ಅವರಿಗೆ ಮಾತ್ರ ಯೋಚಿಸೋಕೆ ಒಂದು ವಾರ ಜಾಸ್ತಿ ಸಿಕ್ಕಂಗಾಯ್ತಲ್ಲ. ಕೇಳೋದಾದ್ರೆ ನಾಲ್ವರಿಗೂ ಕೇಳಿ.

ಆರು_ಸಲ_ರಿಜೆಕ್ಟ್

ಕೇಳಿ ಮಾರಾಯ್ರೆ. ನನ್ನ ಹೆಸರಿನ ಎದುರು "ಸುಮಾರು" ಅಂತ ಬರೆದು ಮುಚ್ಚಿದವರು ಯಾರಾದ್ರೂ ಮತ್ತೆ ಫೋನ್ ಮಾಡಿದ್ರೆ ನಾನಂತೂ ಬೇಜಾರು ಮಾಡ್ಕೊಳ್ತಿರಲಿಲ್ಲ.

ಹಳೇ_ಅಳತೆಗೋಲು

ನಾನಾಗಿದ್ರೆ ಈ ಸುತ್ತಿಗೆ ಈ ಕಾಂಪಿಟೆನ್ಸಿನ ಏಳೂ ಜನರ ಒಟ್ಟು ಲೆಕ್ಕದಿಂದ ಬಿಟ್ಟು, ಎರಡನೇ ಸುತ್ತಿಗೆ ಬಂದವರಿಗೆ ಹೊಸ ಪ್ರಶ್ನೆ, ಹೊಸ ಶೀಟ್‌ನಲ್ಲಿ ಅಳೀತಿದ್ದೆ. ಮೇಷ್ಟ್ರು ಹೇಳಿದ್ದೂ ಆಗತ್ತೆ, ಆದ್ರೆ ಫೋನ್‌ನಲ್ಲಿ ಕೇಳೋದಾದ್ರೆ ಮೂರೂ ಜನ ಲೈನ್‌ನಲ್ಲಿರಿ, ಫಾಲೋಅಪ್ ಮೂರೂ ಕೇಳಿ.

ಮೂರನೇ_ಕುರ್ಚಿ

ಪ್ಯಾನೆಲ್‌ಗೆ ಎರಡೂ ದಾರಿ ಹೇಳಿದೀನಿ. 2 ಹಾಕಿದವರು ಬಿಟ್ಟು ಬಿಡೋಣ ಅಂತಿದಾರೆ, 5 ಹಾಕಿದವರು ಫೋನ್ ಮಾಡೋಣ ಅಂತಿದಾರೆ. ಸೋಮವಾರ ಮತ್ತೆ ಕೂರ್ತೀವಿ. ಸದ್ಯಕ್ಕೆ ನೋಟ್ಸ್ ಶೀಟ್‌ನ ಬದಲಿಸಿದೀನಿ, ಅಂಕಿಯ ಡಬ್ಬಿ ಮೇಲೆ "ಅವರು ಹೇಳಿದ ವಾಕ್ಯ, ಅವರದೇ ಮಾತಲ್ಲಿ" ಅಂತ ನಾಲ್ಕು ಗೆರೆ ಜಾಗ ಬಿಟ್ಟಿದೀನಿ, ಅದು ಖಾಲಿ ಇದ್ರೆ ಅಂಕ ತಗೊಳ್ಳಲ್ಲ ಅಂತ ಎಲ್ರಿಗೂ ಹೇಳಿದೀನಿ.